ಲಿಫ್ಟಿನಲ್ಲಿ ಬಂದ ಹಲ್ಲಿ

ನಮ್ಮ ಕಾಲದಲ್ಲಿ ಮಕ್ಕಳು ಕತ್ತಲಿಗೆ ಹೆದರುತ್ತಿರಲಿಲ್ಲ ಎಂದು ನನ್ನ ವಯಸ್ಸಿನವರು ಯಾರಾದರೂ ಹೇಳಿದರೆ ನಂಬಬೇಡಿ. ಹೆದರುತ್ತಿದ್ದೆವು, ಚೆನ್ನಾಗಿಯೇ ಹೆದರುತ್ತಿದ್ದೆವು. ಒಂಟಿಯಾಗಿ ಹೆದರಲು ಜಾಗ ಇರಲಿಲ್ಲ, ಅಷ್ಟೆ. ನಡುಮನೆಯಲ್ಲಿ ಉದ್ದಕ್ಕೆ ಜಮಖಾನ ಹಾಸಿದರೆ ಅಣ್ಣ, ಅಕ್ಕ, ನಾನು, ತಮ್ಮ, ಓದಲೆಂದು ಬಂದು ನಮ್ಮಲ್ಲೇ ಉಳಿದಿದ್ದ ಸೋದರತ್ತೆಯ ಮಗ, ಆ ತುದಿಗೆ ಅಜ್ಜಿ. ನಡುರಾತ್ರಿ ಯಾರಾದರೂ ಕಿಟಾರನೆ ಕಿರುಚಿಕೊಂಡರೆ ಪಕ್ಕದವನು ಕಣ್ಣು ಬಿಡದೆಯೇ ಒಂದು ಕಾಲು ಎತ್ತಿ ಮೈಮೇಲೆ ಹಾಕುತ್ತಿದ್ದ. ಅದು ಸಮಾಧಾನವೋ ಒದೆಯೋ ತಿಳಿಯುವಷ್ಟರಲ್ಲಿ ಮತ್ತೆ ನಿದ್ದೆ. ಆ ತುದಿಯಿಂದ ಅಜ್ಜಿ 'ರಾಮಾ' ಅನ್ನುತ್ತಿದ್ದಳು. ಏನು ಕನಸು ಬಿತ್ತು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಹಗಲಿನಲ್ಲಿ ನಮಗೆ ಹೆದರಿಕೆ ಹಂಚುತ್ತಿದ್ದವಳೂ ಆ ಅಜ್ಜಿಯೇ. ಊಟ ಬಿಟ್ಟರೆ ಗುಮ್ಮ, ಬಾವಿಯ ಹತ್ತಿರ ಹೋದರೆ ಗುಮ್ಮ, ಮಧ್ಯಾಹ್ನ ಮಲಗದಿದ್ದರೆ ಗುಮ್ಮ. ಗುಮ್ಮನನ್ನು ಕರೆಯಬೇಡಮ್ಮ ಎಂದು ಪುರಂದರದಾಸರ ಪುಟ್ಟ ಕೃಷ್ಣ ತಾಯಿಯ ಹತ್ತಿರ ಗೋಗರೆಯುತ್ತಾನಲ್ಲ, ಕಾಳಿಂಗನ ಹೆಡೆ ತುಳಿದವನ ಪಾಡೇ ಅದಾದರೆ ನಮ್ಮದೇನು ಮಹಾ! ಹಗಲು ಗುಮ್ಮನನ್ನು ಕರೆದು, ರಾತ್ರಿ ಅವನನ್ನು ಓಡಿಸಲು ರಾಮನನ್ನು ಕರೆಯುವ ಈ ಏರ್ಪಾಡು ತಲೆಮಾರುಗಳ ಕಾಲ ಸುಸೂತ್ರವಾಗಿ ನಡೆದಿತ್ತು. ಅದು ಕೈಕೊಟ್ಟದ್ದು ಮನೆಗಳಿಗೆ 'ಮಕ್ಕಳ ರೂಮು' ಬಂದ ಮೇಲೆ.

ಬೆಂಗಳೂರಿನಲ್ಲಿ ನನ್ನ ಮಗನ ಫ್ಲಾಟು ಏಳನೇ ಮಹಡಿಯಲ್ಲಿದೆ. ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಬಂದು ಸೇರಿಕೊಂಡೆವು. ಮೊಮ್ಮಗಳು ಪುಟ್ಟಿಗೆ ಆರು ವರ್ಷ ತುಂಬಿದಾಗ ಅವಳದೇ ಒಂದು ರೂಮು ಸಿದ್ಧವಾಯಿತು. ನೀಲಿ ಗೋಡೆ, ಚಾವಣಿಗೆ ಅಂಟಿಸಿದ, ಕತ್ತಲಲ್ಲಿ ಹೊಳೆಯುವ ನಕ್ಷತ್ರಗಳು, ಪುಟ್ಟ ಮಂಚ. ರೂಮು ಬೇಕೆಂದು ಹಟ ಹಿಡಿದವಳು ಅವಳೇ. ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ಕೆಲವು ವಾರ ನೆಮ್ಮದಿಯಾಗಿ ಮಲಗಿದಳು ಕೂಡ. ಆಮೇಲೆ ಒಂದು ಬೆಳಗಿನ ಜಾವ, ನಾಲ್ಕು ಗಂಟೆಯ ಹೊತ್ತಿಗೆ, ಬರಿಗಾಲಲ್ಲಿ ಹಾಲಿಗೆ ಬಂದು ನಿಂತಳು. ಆ ಹೊತ್ತಿಗೆ ನಾನು ಎಚ್ಚರವಾಗಿಯೇ ಇರುತ್ತೇನೆ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿ ಅಷ್ಟು ವರ್ಷ ನೈಟ್ ಡ್ಯೂಟಿ ಮಾಡಿದವನ ಕಣ್ಣಿಗೆ ಜಾವದ ನಿದ್ದೆ ಹತ್ತುವುದಿಲ್ಲ. ನಿದ್ದೆಯೇನಾದರೂ ಹತ್ತಿದರೆ ವಯಸ್ಸಾದವರ ಮೂತ್ರಕೋಶ ಬಿಡುವುದಿಲ್ಲ.

'ತಾತ, ಲಿಫ್ಟಿನಲ್ಲಿ ಹಲ್ಲಿ ಬಂದಿದೆ' ಎಂದಳು. ನಡುಗುತ್ತಿದ್ದಳು. ಕೈ ಹಿಡಿದೆ, ಅಂಗೈ ಒದ್ದೆಯಾಗಿತ್ತು.

ಆಮೇಲೆ ಅದು ನಿತ್ಯದ ಪಾಡಾಯಿತು. ಹಲ್ಲಿ ವಾರಕ್ಕೆ ಮೂರು ನಾಲ್ಕು ರಾತ್ರಿ ಬರತೊಡಗಿತು. ಪುಟ್ಟಿ ಸಂಜೆಯಿಂದಲೇ 'ಇವತ್ತು ಅಮ್ಮನ ಹತ್ತಿರ ಮಲಗ್ತೀನಿ' ಎಂದು ರಾಗ ತೆಗೆಯುವಳು. ಬ್ರಷ್ ಮಾಡಲು ಅರ್ಧ ಗಂಟೆ, ನೀರು ಕುಡಿಯಲು ಕಾಲು ಗಂಟೆ. ಮನೆಯಲ್ಲಿ ನಾಲ್ಕು ಜನ ದೊಡ್ಡವರು, ನಾಲ್ಕು ಚಿಕಿತ್ಸೆ. ನನ್ನ ಹೆಂಡತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಲು ಹೋದಳು. ಗ್ಯಾಸ್ ಸ್ಟೌವಿನ ಮೇಲೆ ಬಿದ್ದ ಮೆಣಸಿನಕಾಯಿಯ ಘಾಟಿಗೆ ಫ್ಲಾಟಿನವರೆಲ್ಲ ಸೀನಿ, ಪಕ್ಕದ ಮನೆಯವರು ಬಂದು ಬೆಲ್ ಒತ್ತಿದರು. ಮಗ ಟಾರ್ಚ್ ಹಿಡಿದು ಮಂಚದ ಕೆಳಗೆ, ಬೀರುವಿನ ಹಿಂದೆ, ಪರದೆಯ ಸಂದಿಯಲ್ಲಿ ಹಲ್ಲಿಯನ್ನು ಹುಡುಕಿ 'ನೋಡು, ಎಲ್ಲೂ ಇಲ್ಲ' ಎಂದು ಸಾಬೀತು ಮಾಡಿದ. ಮಾರನೆಯ ದಿನದಿಂದ ಪುಟ್ಟಿ ಮಲಗುವ ಮುಂಚೆ ತಪಾಸಣೆ ಕಡ್ಡಾಯ ಮಾಡಿದಳು. ಹುಡುಕುವಂಥದ್ದು ಏನೋ ಇದ್ದಿರಬೇಕು, ಇಲ್ಲದಿದ್ದರೆ ಅಪ್ಪ ಯಾಕೆ ಟಾರ್ಚ್ ತಂದ ಎಂಬ ಅವಳ ತರ್ಕದಲ್ಲಿ ನನಗಂತೂ ದೋಷ ಕಾಣಲಿಲ್ಲ. ಪಾಪ, ಸೊಸೆ ಅವಳನ್ನು ಪಕ್ಕಕ್ಕೆ ಎಳೆದುಕೊಂಡು ಮಲಗುವಳು. ಒದೆ ತಿಂದು ತಿಂದು ಮೂರನೇ ರಾತ್ರಿ 'ಹೋಗು ನಿನ್ನ ರೂಮಿಗೆ' ಎನ್ನುವಳು, ನಾಲ್ಕನೇ ರಾತ್ರಿ ಮತ್ತೆ ಮರುಕ.

ನಾನು ಮಾಡಿದ್ದು ನನಗೆ ಗೊತ್ತಿದ್ದ ಒಂದೇ ಕೆಲಸ. ರೈಲು ಬಂದ ವೇಳೆ, ಬಿಟ್ಟ ವೇಳೆ ರಿಜಿಸ್ಟರಿನಲ್ಲಿ ಬರೆದು ಬರೆದು ರೂಢಿಯಾದ ಕೈ. ಹಳೆಯ ಡೈರಿಯಲ್ಲಿ ಹಲ್ಲಿ ಬಂದ ವೇಳೆ ಬರೆಯತೊಡಗಿದೆ. ನಾಲ್ಕು ಹತ್ತು. ಐದಕ್ಕೆ ಐದು ನಿಮಿಷ. ಮೂರು ಐವತ್ತು. ಹಲ್ಲಿ ಒಮ್ಮೆಯೂ ಅರ್ಧರಾತ್ರಿಗೆ ಮುಂಚೆ ಬರಲಿಲ್ಲ. ಅದನ್ನು ನೋಡುತ್ತಿದ್ದಂತೆ ನನಗೆ ನೆನಪಾದದ್ದು ಬೀರೂರು-ಅರಸೀಕೆರೆಯ ನಡುವಿನ ಸಣ್ಣ ಸ್ಟೇಷನ್ನಿನ ಕ್ವಾರ್ಟರ್ಸು, ಮತ್ತು ಇದೇ ಮಗನ ಐದನೆಯ ವರ್ಷ.

ಅವನದು ಬೇರೆಯೇ ಬಗೆ. ಒಂಬತ್ತಕ್ಕೆ ಮಲಗಿದ ಹುಡುಗ ಹತ್ತೂವರೆಯ ಸುಮಾರಿಗೆ ಧಡಕ್ಕನೆ ಎದ್ದು ಕೂತು ಬೊಬ್ಬೆ ಹಾಕುತ್ತಿದ್ದ. ಕಣ್ಣು ತೆರೆದೇ ಇರುತ್ತಿತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ನಮ್ಮ ಆಚೆಗೆ ಏನನ್ನೋ ನೋಡುತ್ತಿದ್ದ. ಮೈಯೆಲ್ಲ ಬೆವರು, ಎದೆ ಡವಡವ. ಅಮ್ಮ ಎತ್ತಿಕೊಳ್ಳಲು ಹೋದರೆ ಅಮ್ಮನನ್ನೇ ತಳ್ಳುತ್ತಿದ್ದ. ಹತ್ತು ನಿಮಿಷ ಹೀಗೆ ನಡೆದು, ಯಾರೋ ಸ್ವಿಚ್ ಆರಿಸಿದಂತೆ ಮಲಗಿಬಿಡುತ್ತಿದ್ದ. ಬೆಳಿಗ್ಗೆ ಕೇಳಿದರೆ 'ಏನು?' ಎಂದು ನಮ್ಮನ್ನೇ ಕೇಳುವನು. ಅಕ್ಕಪಕ್ಕದವರು ಬಾಲಗ್ರಹ ಎಂದರು. ದರ್ಗಾದಿಂದ ಒಂದು ತಾಯತ ಬಂತು, ಅಮ್ಮನ ಗುಡಿಯಿಂದ ಒಂದು ಅಂತ್ರ ಬಂತು, ದಿಂಬಿನ ಕೆಳಗೆ ಗಾರ್ಡ್ ಒಬ್ಬರು ಕೊಟ್ಟ ಕಬ್ಬಿಣದ ಬೋಲ್ಟು. ಸ್ವಲ್ಪ ಕಾಲಕ್ಕೆ ತಾನಾಗಿ ನಿಂತಿತು. ಯಾವುದಕ್ಕೆ ನಿಂತಿತು ಎಂಬುದರ ಬಗ್ಗೆ ನನ್ನ ಹೆಂಡತಿಗೂ ಆ ಗಾರ್ಡಿಗೂ ಕೊನೆಯವರೆಗೆ ಒಮ್ಮತ ಮೂಡಲಿಲ್ಲ.

ಈ ಎರಡೂ ಬೇರೆ ಬೇರೆ ಎಂದು ಬಿಡಿಸಿ ಹೇಳಿದವರು ಪುಟ್ಟಿಯನ್ನು ನೋಡುವ ಮಕ್ಕಳ ಡಾಕ್ಟರು. ಮಗನದು ಗಾಢ ನಿದ್ದೆಯ ತೊಡಕು. ರಾತ್ರಿಯ ಮೊದಲ ಭಾಗದಲ್ಲಿ, ಮಲಗಿದ ಒಂದೆರಡು ಗಂಟೆಯೊಳಗೆ, ಮೆದುಳಿನ ಅರ್ಧ ಎದ್ದು ಅರ್ಧ ಮಲಗಿರುವಾಗ ಆಗುವ ಬೆಚ್ಚು. ಅಲ್ಲಿ ಕಥೆ ಇರುವುದಿಲ್ಲ, ನೆನಪೂ ಇರುವುದಿಲ್ಲ. ಅಂಥ ಮಗುವನ್ನು ಅಲುಗಾಡಿಸಿ ಎಬ್ಬಿಸಬಾರದು. ಬಿದ್ದು ಪೆಟ್ಟಾಗದಂತೆ ನೋಡಿಕೊಂಡು ಸುಮ್ಮನೆ ಕಾಯಬೇಕು. ಪುಟ್ಟಿಯದು ಕನಸಿನ ನಿದ್ದೆಯ ಬಾಬತ್ತು. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಪಟಪಟನೆ ಓಡಾಡುವ ಆ ನಿದ್ದೆ ಬೆಳಗಾಗುತ್ತ ಬಂದಂತೆ ಹೆಚ್ಚುತ್ತದೆ. ಅದಕ್ಕೇ ಕೆಟ್ಟ ಕನಸು ಜಾವದಲ್ಲಿ ಬೀಳುವುದು. ಈ ಮಗು ಪೂರ್ತಿ ಎಚ್ಚರವಾಗುತ್ತದೆ, ಕಥೆ ಹೇಳುತ್ತದೆ, ಜನ ಬೇಕೆನ್ನುತ್ತದೆ. ಬೊಬ್ಬೆ ಹಾಕುವ ಮಗು ಅಪ್ಪ ಅಮ್ಮನನ್ನು ಹೆದರಿಸಿ ತಾನು ಹಾಯಾಗಿ ಮಲಗುತ್ತದೆ, ಕನಸು ಕಂಡ ಮಗು ತಾನು ಹೆದರಿ ಯಾರನ್ನಾದರೂ ಹುಡುಕಿಕೊಂಡು ಬರುತ್ತದೆ. ನನ್ನ ಡೈರಿ ನೋಡಿ ಡಾಕ್ಟರು 'ಇದನ್ನು ಯಾರು ಬರೆದದ್ದು?' ಎಂದು ಕೇಳಿದರು. ಸರ್ವಿಸಿನಲ್ಲಿ ನನ್ನ ರಿಜಿಸ್ಟರನ್ನು ಯಾರೂ ಅಷ್ಟು ಮರ್ಯಾದೆಯಿಂದ ನೋಡಿರಲಿಲ್ಲ.

ಆಮೇಲೆ ಲೈಬ್ರರಿಯಲ್ಲಿ ಸ್ವಲ್ಪ ಓದಿದೆ. ಆ ಕಣ್ಣುಗುಡ್ಡೆಯ ಓಡಾಟವನ್ನು ಪತ್ತೆ ಮಾಡಿದವನು ಶಿಕಾಗೋ ವಿಶ್ವವಿದ್ಯಾಲಯದ ಯೂಜಿನ್ ಅಸೆರಿನ್‌ಸ್ಕಿ ಎಂಬ ವಿದ್ಯಾರ್ಥಿ. ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಹೆಂಡತಿ ಮಗ, ಸಿಕ್ಕಿದ್ದು ಒಂದು ಹಳೆಯ ಯಂತ್ರ. ಎಂಟು ವರ್ಷದ ಮಗ ಆರ್ಮಂಡ್‌ನನ್ನೇ ಕರೆತಂದು, ತಲೆಗೆ ಕಣ್ಣಿನ ಪಕ್ಕಕ್ಕೆ ತಂತಿ ಅಂಟಿಸಿ ಮಲಗಿಸಿದ. ಹುಡುಗ ಗಾಢವಾಗಿ ನಿದ್ದೆ ಮಾಡುತ್ತಿದ್ದಾಗ ಯಂತ್ರದ ಮುಳ್ಳುಗಳು ಕುಣಿಯತೊಡಗಿದವು. ಅಸೆರಿನ್‌ಸ್ಕಿ ಮೊದಲು ಯಂತ್ರ ಕೆಟ್ಟಿದೆ ಎಂದುಕೊಂಡ. 1953ರಲ್ಲಿ ಅವನೂ ಅವನ ಗುರು ನಥಾನಿಯಲ್ ಕ್ಲೈಟ್‌ಮನ್ನನೂ ಇದನ್ನು ಪ್ರಕಟಿಸಿದರು. ನನಗೆ ಮಾತ್ರ ಕುತೂಹಲ ಉಳಿದದ್ದು ಆ ಹುಡುಗನ ಬಗ್ಗೆ. ತಲೆಗೆ ತಂತಿ ಕಟ್ಟಿಸಿಕೊಂಡು, ಅಪ್ಪ ಪಕ್ಕದ ಕೋಣೆಯಲ್ಲಿ ಯಂತ್ರ ನೋಡುತ್ತ ಕೂತಿದ್ದಾಗ, ಅವನಿಗೆ ಬಿದ್ದ ಕನಸು ಎಂಥದಿರಬಹುದು?

ಡಾಕ್ಟರು ಕೇಳಿದ ಪ್ರಶ್ನೆಗಳು ನೇರವಾಗಿದ್ದವು. ಗೊರಕೆ ಹೊಡೆಯುತ್ತಾಳಾ, ಬಾಯಿ ಬಿಟ್ಟುಕೊಂಡು ಉಸಿರಾಡುತ್ತಾಳಾ? ಹಾಗಿದ್ದರೆ ಮೂಗು ಗಂಟಲು ತೋರಿಸಬೇಕಿತ್ತು, ಇರಲಿಲ್ಲ. ನಿದ್ದೆಯಲ್ಲಿ ಕೈಕಾಲು ಒಂದೇ ರೀತಿ ಸೆಟೆದುಕೊಳ್ಳುತ್ತವೆಯಾ? ಇಲ್ಲ. ಸ್ಕೂಲಿನಲ್ಲಿ, ವ್ಯಾನಿನಲ್ಲಿ, ಯಾರ ಮನೆಯಲ್ಲಾದರೂ ಹೆದರುವಂಥದ್ದು ನಡೆಯಿತೇ? ಇದನ್ನು ಪುಟ್ಟಿಯನ್ನು ಹೊರಗೆ ಕಳಿಸಿ ಒಮ್ಮೆ, ಅವಳೊಬ್ಬಳನ್ನೇ ಕೂರಿಸಿಕೊಂಡು ಒಮ್ಮೆ ಕೇಳಿದರು. ನಿಜವಾಗಿ ನಡೆದದ್ದೇ ಕನಸಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಅದು ಮನೆಮದ್ದಿನ ಕೆಲಸವಲ್ಲ, ನಿಮ್ಹಾನ್ಸಿನ ಮಕ್ಕಳ ವಿಭಾಗಕ್ಕೋ ಮಕ್ಕಳ ಮನಸ್ಸು ಬಲ್ಲ ಬೇರೆಯವರ ಬಳಿಗೋ ಹೋಗಬೇಕು ಎಂದರು. ಹಾಗೇನೂ ಇರಲಿಲ್ಲ. ಕೊನೆಗೆ ಕೇಳಿದರು: 'ಎಷ್ಟು ಹೊತ್ತಿಗೆ ಮಲಗ್ತಾಳೆ?'

ಎಲ್ಲರೂ ನೆಲ ನೋಡಿದೆವು. ಸೊಸೆಗೆ ಆಫೀಸಿನಲ್ಲಿ ಆಗ ಹೊಸ ಕೆಲಸ ಕೊಟ್ಟಿದ್ದರು; ಸಮುದ್ರದಾಚೆಯವರ ಜೊತೆ ರಾತ್ರಿ ಮೀಟಿಂಗು. ಅದು ಮುಗಿಯುವವರೆಗೆ ಪುಟ್ಟಿ ಅಮ್ಮನಿಗಾಗಿ ಕಾಯುತ್ತಿದ್ದಳು. ಮಲಗುವಾಗ ಹತ್ತೂವರೆ, ಸ್ಕೂಲ್ ವ್ಯಾನಿಗೆ ಏಳುವುದು ಆರೂವರೆ. ಆರರಿಂದ ಹನ್ನೆರಡರ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಅವಳಿಗೆ ಸಿಗುತ್ತಿದ್ದದ್ದು ಎಂಟು. ನಿದ್ದೆಗೆಟ್ಟ ಮಗುವಿಗೆ ಕೆಟ್ಟ ಕನಸು ಹೆಚ್ಚು. ಕೆಟ್ಟ ಕನಸಿನ ಮಗು ಮಲಗಲು ಹೆದರಿ ಇನ್ನಷ್ಟು ನಿದ್ದೆಗೆಡುತ್ತದೆ. ಒಂದು ಗಾಡಿ ತಡವಾದರೆ ಹಿಂದಿನವೆಲ್ಲ ತಡವಾಗುವ ಸಿಂಗಲ್ ಲೈನಿನ ಲೆಕ್ಕ ಇದು, ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಔಷಧ ಬರೆಯಲಿಲ್ಲ. ಮೂರು ಮಾತು ಹೇಳಿದರು. ಒಂಬತ್ತಕ್ಕೆ ದೀಪ ಆರಲಿ. ಅದಕ್ಕೆ ಮುಂಚಿನ ಒಂದು ಗಂಟೆ ಮೊಬೈಲು ಟೀವಿ ಬೇಡ. ರಾತ್ರಿ ಎದ್ದು ಬಂದಾಗ ಕಡಿಮೆ ಮಾತು. ಹಲ್ಲಿಯ ವಿಚಾರಣೆಯೇನಿದ್ದರೂ ಹಗಲಿನಲ್ಲಿ.

ಕೊನೆಯದನ್ನು ಕೇಳಿ ನನ್ನ ಹೆಂಡತಿ ನನ್ನತ್ತ ತಿರುಗಿ 'ರೀ, ಅಷ್ಟೇನಾ?' ಎಂದಳು. ಅಷ್ಟೇ ಆಗಿದ್ದರೆ ಸುಲಭವಿತ್ತು. ನಾಲ್ಕು ಗಂಟೆಗೆ ನಡುಗುತ್ತ ಬಂದ ಮಗುವಿನ ಹತ್ತಿರ ಕಡಿಮೆ ಮಾತಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಬಾಯಿಗೆ ಬರುವುದು 'ಏನೂ ಇಲ್ಲ, ಎಲ್ಲ ಸುಳ್ಳು' ಎಂಬ ಮಾತು. ಆದರೆ ಅವಳ ಎದೆ ಬಡಿದುಕೊಳ್ಳುತ್ತಿರುವುದು ಸುಳ್ಳಲ್ಲವಲ್ಲ. ಹಾಗೆಂದು 'ಹಲ್ಲಿ ಎಷ್ಟು ದೊಡ್ಡದಿತ್ತು, ಬಾಲ ಇತ್ತಾ' ಎಂದು ಕೇಳಿದರೆ ಅದು ಮತ್ತೆ ಜೀವ ತಳೆದು ಪೂರ್ತಿ ಬೆಳಗು ಮಾಡಿಸುತ್ತದೆ. ನಾವು ಕಲಿತ ಪಾಠ ಇಷ್ಟು: ದೊಡ್ಡ ದೀಪ ಹಾಕದೆ, ಕೈ ಹಿಡಿದು ಅವಳ ರೂಮಿಗೇ ವಾಪಸು ಕರೆದುಕೊಂಡು ಹೋಗುವುದು. 'ಕನಸು ಬಿತ್ತು. ಈಗ ಎಚ್ಚರ ಆಗಿದೆ. ಇದು ನಿನ್ನ ಹಾಸಿಗೆ, ನಾನಿಲ್ಲೇ ಇದ್ದೀನಿ. ಮಿಕ್ಕಿದ್ದು ಬೆಳಿಗ್ಗೆ.' ಬೆನ್ನ ಮೇಲೆ ಕೈ. ಉಸಿರು ನಿಧಾನವಾಗುವವರೆಗೆ ಕೂತಿದ್ದು ಏಳುವುದು. ಹಾಲು, ಬಿಸ್ಕತ್ತು, ಕಥೆ ಯಾವುದೂ ಇಲ್ಲ. ನಾಲ್ಕು ಗಂಟೆಗೆ ಸತ್ಕಾರ ಶುರುವಾದರೆ ಅತಿಥಿಗಳು ರೂಢಿ ಮಾಡಿಕೊಳ್ಳುತ್ತಾರೆ.

ಹೆಂಡತಿಗೆ ಒಂದು ರಿಯಾಯಿತಿ ಸಿಕ್ಕಿತು. ಮಲಗುವಾಗ ರಾಮ, ಸ್ಕಂದ, ಹನುಮಂತ, ಗರುಡ, ಭೀಮ ಈ ಐವರನ್ನು ನೆನೆದರೆ ಕೆಟ್ಟ ಕನಸು ಬೀಳುವುದಿಲ್ಲ ಎನ್ನುವ ಶ್ಲೋಕ ನಮ್ಮ ಮನೆಗಳಲ್ಲಿ ಹಿಂದಿನಿಂದ ಇದೆ. ಅದನ್ನು ಹೇಳಿಕೊಡಲಿ, ದಿನವೂ ಅದೇ ಹೊತ್ತಿಗೆ ಅದೇ ಸಾಲು ಹೇಳಿಕೊಂಡು ಮಲಗುವುದು ಒಳ್ಳೆಯದೇ ಎಂದಿದ್ದರು ಡಾಕ್ಟರು. ಪುಟ್ಟಿ ಕಲಿತಳು. ಕಲಿತು, ಐವರೂ ಎಲ್ಲೆಲ್ಲಿ ಕೂರುತ್ತಾರೆ ಎಂದು ಕೇಳಿದಳು. ಗರುಡ ಕಿಟಕಿಯ ಸರಳಿನ ಮೇಲೆ, ಹನುಮಂತ ಬೀರುವಿನ ಮೇಲೆ ಎಂದು ಅಜ್ಜಿ ಜಾಗ ಕೊಟ್ಟಳು. ಭೀಮನಿಗೆ ಆ ಪುಟ್ಟ ರೂಮಿನಲ್ಲಿ ಎಲ್ಲೂ ಹಿಡಿಸಲಿಲ್ಲ. ಗದೆ ಹೊರಗಿಟ್ಟು ಬರಲಿ ಎಂದು ತೀರ್ಮಾನವಾಯಿತು.

ಹಲ್ಲಿಯ ವಿಚಾರಣೆ ನಡೆದದ್ದು ಒಂದು ಭಾನುವಾರ, ತಿಂಡಿ ಆದ ಮೇಲೆ, ಊಟದ ಮೇಜಿನ ಹತ್ತಿರ. ಒಂದು ಡ್ರಾಯಿಂಗ್ ಪುಸ್ತಕ, ಬಣ್ಣದ ಪೆನ್ಸಿಲ್ ಡಬ್ಬಿ. ಈ ಉಪಾಯ ಡಾಕ್ಟರು ಹೇಳಿಕೊಟ್ಟದ್ದು. ಎಚ್ಚರವಿರುವಾಗ ಕನಸನ್ನು ಎದುರಿಗಿಟ್ಟುಕೊಂಡು, ಅದಕ್ಕೆ ಬೇರೆ ಮುಕ್ತಾಯ ಕಟ್ಟಿ, ಆ ಹೊಸ ಕನಸನ್ನು ದಿನವೂ ಹತ್ತು ನಿಮಿಷ ಮನಸ್ಸಿನಲ್ಲಿ ಓಡಿಸಿ ನೋಡುವುದು. ಅಮೆರಿಕದ ಬ್ಯಾರಿ ಕ್ರಾಕೋ ಎಂಬ ನಿದ್ರಾವೈದ್ಯ ಮತ್ತು ಸಂಗಡಿಗರು ದೊಡ್ಡ ಆಘಾತ ಅನುಭವಿಸಿದ ಹೆಂಗಸರಿಗೆ ಇದನ್ನು ಮಾಡಿಸಿ, ಕೆಟ್ಟ ಕನಸು ಕಡಿಮೆಯಾದದ್ದನ್ನು 2001ರಲ್ಲಿ ಪ್ರಕಟಿಸಿದ್ದರು. ಬರೆಯಲು ಬಾರದ ಮಕ್ಕಳಿಗೆ ಅದೇ ಕೆಲಸ ಚಿತ್ರದಲ್ಲಿ.

ಪುಟ್ಟಿ ಮೊದಲು ಇದ್ದ ಕನಸನ್ನು ಇದ್ದ ಹಾಗೇ ಬರೆದಳು. ಲಿಫ್ಟು. ಬಾಗಿಲು ತೆರೆದಿದೆ. ಒಳಗೆ ಹಸಿರು ಹಲ್ಲಿ, ಲಿಫ್ಟಿನಷ್ಟೇ ಎತ್ತರ, ಎರಡು ಕಾಲ ಮೇಲೆ ನಿಂತಿದೆ. ನಾನು ಸುಮ್ಮನಿದ್ದೆ, ಪ್ರಶ್ನೆ ಹಾಕಿ ದಾರಿ ತಪ್ಪಿಸಬಾರದೆಂದು ಕಟ್ಟಪ್ಪಣೆಯಾಗಿತ್ತು. ಕೊನೆಗೆ ಅವಳು ನೀಲಿ ಪೆನ್ಸಿಲ್ ತೆಗೆದು ಹಲ್ಲಿಯ ಕುತ್ತಿಗೆಯಿಂದ ಎರಡು ಗೆರೆ ಇಳಿಸಿ, ತುದಿಗೆ ಒಂದು ಚೌಕ ಬರೆದಳು.

'ಇದೇನು ಪುಟ್ಟಿ?'

'ಅಮ್ಮನ ಐಡಿ ಕಾರ್ಡು.'

ಸೊಸೆ ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದವಳು ಹಾಗೇ ನಿಂತಳು. ಹಲ್ಲಿಯ ಗುಟ್ಟು ಎಲ್ಲರಿಗೂ ಅರ್ಥವಾಯಿತು, ಯಾರೂ ಬಿಡಿಸಿ ಹೇಳಲಿಲ್ಲ. ಹೇಳದಿದ್ದದ್ದೇ ಒಳ್ಳೆಯದಾಯಿತು. ಆರು ವರ್ಷದ ಮಗುವಿಗೆ ಅದರ ಕನಸಿನ ತಾತ್ಪರ್ಯ ವಿವರಿಸುವುದರಿಂದ ದೊಡ್ಡವರ ಜಾಣತನ ಹೆಚ್ಚುತ್ತದೆಯೇ ಹೊರತು ಮಗುವಿನ ನಿದ್ದೆಯಲ್ಲ.

'ಈಗ ಈ ಕನಸು ನಿನ್ನದು. ನಿನಗೆ ಹೇಗೆ ಬೇಕೋ ಹಾಗೆ ಮುಂದೆ ಓಡಿಸು' ಎಂದೆ. ತಕ್ಷಣ ಸುತ್ತಲಿಂದ ಸಲಹೆಗಳು ಬಂದವು. ಹನುಮಂತ ಬಂದು ಬಾಲ ಹಿಡಿದು ಎಸೆಯಲಿ ಎಂದಳು ಅಜ್ಜಿ. ಸೆಕ್ಯೂರಿಟಿಯವನಿಗೆ ಫೋನ್ ಮಾಡು ಎಂದ ಅಪ್ಪ. ನಾನೂ ತಡೆಯಲಾರದೆ, ಲಿಫ್ಟಿಗೆ ಕರೆಂಟು ಹೋಗಲಿ ಎಂದೆ. ಪುಟ್ಟಿ ನಮ್ಮೆಲ್ಲರನ್ನೂ ಕರುಣೆಯಿಂದ ನೋಡಿದಳು. 'ಆಗ ಹಲ್ಲಿ ಒಳಗೇ ಸಿಕ್ಕಿಹಾಕಿಕೊಳ್ಳಲ್ವಾ ತಾತ? ಅದಕ್ಕೂ ಹೆದರಿಕೆ ಆಗಲ್ವಾ?' ಎಂದಳು. ಕನಸಿನ ಭೂತವನ್ನು ಹೊಡೆದು ಬಡಿದು ಓಡಿಸಬೇಕಾದ ಅವಸರ ದೊಡ್ಡವರಿಗೇ. ಮುಕ್ತಾಯ ಮಗುವಿನದೇ ಆಗಿರಬೇಕು ಎಂದು ಡಾಕ್ಟರು ಅಷ್ಟು ಒತ್ತಿ ಹೇಳಿದ್ದು ಸುಮ್ಮನೆ ಅಲ್ಲ. ನಾವು ಕೊಟ್ಟ ಹನುಮಂತ ನಾಲ್ಕು ಗಂಟೆಗೆ ಅವಳ ಕೈಗೆ ಸಿಗಬೇಕಲ್ಲ.

ಎರಡನೆಯ ಹಾಳೆಯಲ್ಲಿ ಅವಳು ಬರೆದದ್ದು ಹೀಗೆ. ಹಲ್ಲಿಗೆ ಲಿಫ್ಟಿನ ಗುಂಡಿ ಒತ್ತಲು ಬರುವುದಿಲ್ಲ, ಬೆರಳು ಅಂಟಿಕೊಳ್ಳುತ್ತದೆ. ಪುಟ್ಟಿಯೇ ಏಳು ಒತ್ತುತ್ತಾಳೆ. ಮೇಲೆ ಬಂದ ಮೇಲೆ ಹಲ್ಲಿ ಕುತ್ತಿಗೆಯಿಂದ ಕಾರ್ಡು ತೆಗೆದು ಕೊಡುತ್ತದೆ: ನಿಮ್ಮ ಅಮ್ಮ ಇದನ್ನು ಆಫೀಸಿನಲ್ಲಿ ಬಿಟ್ಟು ಬಂದಿದ್ದರು, ಕೊಡೋಣ ಅಂತ ಬಂದೆ. ಪುಟ್ಟಿ ಅದಕ್ಕೆ ಉಪ್ಪಿಟ್ಟು ಕೊಡುತ್ತಾಳೆ. ಹಲ್ಲಿ ಉಪ್ಪಿಟ್ಟು ಬೇಡ ಎನ್ನುತ್ತದೆ. ಈ ಕೊನೆಯ ವಿವರದಲ್ಲಿ ಅವಳ ಸ್ವಂತ ರಾಜಕೀಯವಿತ್ತು.

ದಿನವೂ ಸಂಜೆ, ಮಲಗುವ ಹೊತ್ತಿಗೆ ಇನ್ನೂ ದೂರವಿರುವಾಗ, ಆ ಹಾಳೆ ತೆಗೆದು ಮೊದಲಿನಿಂದ ಕೊನೆಯವರೆಗೆ ಕಥೆ ಹೇಳುವಳು. ಹಳೆಯ ಹಾಳೆ ಅವಳೇ ಮಡಿಚಿ ನನ್ನ ಟ್ರಂಕಿಗೆ ಹಾಕಿಸಿ ಬೀಗ ಹಾಕಿಸಿದಳು. ಮಾರನೆಯ ರಾತ್ರಿಯೇ ಹಲ್ಲಿ ಓಡಿಹೋಯಿತು ಎಂದರೆ ಅದು ತಾಯತದ ಜಾಹೀರಾತು ಆದೀತು. ಹಾಗೇನೂ ಆಗಲಿಲ್ಲ. ಮೊದಲ ವಾರ ಅದು ಬಂತು, ಹಳೆಯ ಠೀವಿಯಲ್ಲೇ ಬಂತು. ಆಮೇಲೆ ನನ್ನ ಡೈರಿಯಲ್ಲಿ ಖಾಲಿ ಸಾಲುಗಳು ಕಾಣತೊಡಗಿದವು. ಅದಕ್ಕಿಂತ ಒಳ್ಳೆಯ ಗುರುತು ಇನ್ನೊಂದಿತ್ತು: ಕನಸು ಬಿದ್ದ ರಾತ್ರಿಯೂ ಅವಳು ಕೆಲವೊಮ್ಮೆ ಹಾಲಿನವರೆಗೆ ಬರದೆ, ಮಂಚದಿಂದಲೇ 'ತಾತಾ' ಎಂದು ಕೂಗಿ, ನಾನು 'ಹೂಂ' ಅಂದರೆ ಸಾಕು, ಹಾಗೇ ಮಲಗುತ್ತಿದ್ದಳು. ಆ ತುದಿಯಿಂದ ನಮ್ಮ ಅಜ್ಜಿ ಅನ್ನುತ್ತಿದ್ದ 'ರಾಮಾ' ಎಷ್ಟು ಉಪಯುಕ್ತ ಸೇವೆಯಾಗಿತ್ತು ಎಂದು ತಿಳಿಯಲು ನಾನೇ ಅಜ್ಜನಾಗಬೇಕಾಯಿತು.

ಒಂಟಿ ಮಲಗುವ ಹೆದರಿಕೆ ಬೇರೆ. ಹಲ್ಲಿ ಬರದ ದಿನವೂ ಅದು ಬರುತ್ತಿತ್ತು. ಮಕ್ಕಳು ಒಂಟಿಯಾಗಿ ಮಲಗಲೇಬೇಕು ಎಂದು ನಾನು ಹೇಳುವವನಲ್ಲ. ಜಮಖಾನದಿಂದ ಎದ್ದು ಬಂದವನು ಹೇಗೆ ಹೇಳಲಿ? ಎಲ್ಲರೂ ಒಟ್ಟಿಗೆ ಮಲಗಿ ಎಲ್ಲರಿಗೂ ನಿದ್ದೆ ಬಂದರೆ ಯಾವ ತಕರಾರೂ ಇಲ್ಲ. ಇವತ್ತು ಬಾ, ನಾಳೆ ಹೋಗು ಎನ್ನುವುದು ಮಾತ್ರ ಮಗುವನ್ನು ಕೆಡಿಸುತ್ತದೆ. ಸಿಗ್ನಲ್ ಹಸಿರೋ ಕೆಂಪೋ ಎಂದು ಗೊತ್ತಾಗದಿದ್ದರೆ ಡ್ರೈವರ್ ಸೀಟಿ ಊದುತ್ತಲೇ ಇರುತ್ತಾನೆ.

ಆದ್ದರಿಂದ ಕುರ್ಚಿ ಬಂತು. ಬಾಲ್ಕನಿಯಲ್ಲಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿ. ಮೊದಮೊದಲು ಮಂಚಕ್ಕೆ ತಾಗಿಸಿ ಕೂತೆ, ಅವಳ ಕೈಯಲ್ಲಿ ನನ್ನ ಒಂದು ಬೆರಳು. ಕೆಲವು ರಾತ್ರಿ ಕಳೆದ ಮೇಲೆ ಕೈ ಬಿಡಿಸಿಕೊಂಡು ಅಲ್ಲೇ. ಆಮೇಲೆ ರೂಮಿನ ನಡುವೆ, ಆಮೇಲೆ ಬಾಗಿಲ ಹತ್ತಿರ, ಆಮೇಲೆ ಬಾಗಿಲಾಚೆ ಹಾಲಿನಲ್ಲಿ, ಬಾಗಿಲು ಒಂದು ಗೇಣು ತೆರೆದು. ಪ್ರತಿ ಸಲವೂ ಕುರ್ಚಿ ಎಲ್ಲಿರುತ್ತದೆಂದು ಸಂಜೆಯೇ ಹೇಳಿಬಿಡುತ್ತಿದ್ದೆ. ಅವಳು ಮಲಗಿದ್ದಾಳೆಂದು ಕದ್ದು ಎದ್ದು ಹೋಗುವಂತಿಲ್ಲ. ಒಮ್ಮೆ ಕದ್ದು ಹೋದರೆ ಮಗು ಮುಂದೆ ಕಾವಲು ಕಾಯುತ್ತ ನಿದ್ದೆ ಮಾಡುವುದಿಲ್ಲ. ಕುರ್ಚಿಯಲ್ಲಿ ಕೂತವನು ಮಾತಾಡುವಂತಿಲ್ಲ, ಮೊಬೈಲು ನೋಡುವಂತಿಲ್ಲ. ಅವಳಿಗೆ ಜ್ವರ ಬಂದಾಗ ಕುರ್ಚಿ ಮತ್ತೆ ಮಂಚದ ಪಕ್ಕಕ್ಕೆ ಹೋಯಿತು. ಜ್ವರ ಬಿಟ್ಟ ಮೇಲೆ ಹೊಸದಾಗಿ ಹೊರಟು ಬೇಗನೆ ಬಾಗಿಲು ಮುಟ್ಟಿತು. ಮಗ ಒಂದು ದಿನ ಕುರ್ಚಿಗೆ ಕೂತವನು ಅವಳಿಗಿಂತ ಮುಂಚೆ ಗೊರಕೆ ಹೊಡೆದು, ಪುಟ್ಟಿ ಎದ್ದು ಬಂದು ಅಪ್ಪನಿಗೆ ಹೊದಿಕೆ ಹೊದಿಸಬೇಕಾಯಿತು.

ಬಾಗಿಲಾಚೆ ಕುರ್ಚಿ ಹೋದ ಮೇಲೆ ನೆಪಗಳು ಶುರುವಾದವು. ನೀರು. ಇನ್ನೊಂದು ಮುತ್ತು. ನಾಳೆ ಸ್ಕೂಲಿಗೆ ಎಲೆ ತರಬೇಕಂತೆ. ಇದಕ್ಕೆ ನನ್ನ ಹತ್ತಿರವೇ ಮದ್ದಿತ್ತು: ಪಾಸು. ರೈಲ್ವೆಯವನ ಮೊಮ್ಮಗಳಿಗೆ ಪಾಸೆಂದರೆ ಏನೆಂದು ಗೊತ್ತು. ರಟ್ಟು ಕತ್ತರಿಸಿ, 'ಒಂದು ಸಲ ಹೊರಗೆ ಬರಲು' ಎಂದು ಬರೆದು, ಹಳೆಯ ಅಭ್ಯಾಸದಿಂದ ಸಹಿ ಹಾಕಿ ಕೊಟ್ಟೆ. ಮಲಗಿದ ಮೇಲೆ ಒಂದೇ ಒಂದು ಸಲ ಏನೇ ಕಾರಣಕ್ಕೆ ಹೊರಬರಬಹುದು, ಪಾಸು ಒಪ್ಪಿಸಬೇಕು. ಬಳಸದೆ ಉಳಿಸಿಕೊಂಡರೆ ಬೆಳಿಗ್ಗೆ ವ್ಯಾನ್ ಬರುವ ಮುಂಚೆ ನನ್ನ ಜೊತೆ ಒಂದು ಆಟ ಚೌಕಾಬಾರ. ನನ್ನ ಸ್ವಂತ ಆವಿಷ್ಕಾರವೆಂದು ಬೀಗುತ್ತಿದ್ದೆ. ಅಮೆರಿಕದ ಪ್ಯಾಟ್ರಿಕ್ ಫ್ರಿಮನ್ ಎಂಬ ಮನಶ್ಶಾಸ್ತ್ರಜ್ಞ ಇಬ್ಬರು ಮಕ್ಕಳ ಮೇಲೆ ಇದೇ ಪಾಸು ಪ್ರಯೋಗಿಸಿ 1999ರಲ್ಲೇ ಬರೆದಿದ್ದಾನೆಂದು ಡಾಕ್ಟರು ತಣ್ಣೀರೆರಚಿದರು. ಆದರೆ ಒಂದು ನಿಯಮ ನಾನೇ ಸೇರಿಸಿದ್ದು. ಕೆಟ್ಟ ಕನಸಿಗೆ ಪಾಸು ಬೇಡ. ಅದು ಆಕ್ಸಿಡೆಂಟ್ ರಿಲೀಫ್ ಟ್ರೈನು, ಯಾರ ಅಪ್ಪಣೆಯೂ ಕಾಯದೆ ಬರಬಹುದು. ಹೆದರಿದ ಮಗು ರಟ್ಟು ಉಳಿಸಲೆಂದು ಕತ್ತಲಲ್ಲಿ ಒಬ್ಬಳೇ ಕೂರುವುದು ನನಗೆ ಬೇಕಿರಲಿಲ್ಲ. ಈ ಸಡಿಲವನ್ನು ಅವಳು ದುರುಪಯೋಗ ಮಾಡಿಕೊಂಡಳೇ ಎಂದರೆ, ಒಂದೆರಡು ಸಲ ಮಲಗಿದ ಐದೇ ನಿಮಿಷಕ್ಕೆ 'ಕೆಟ್ಟ ಕನಸು' ಬಿತ್ತು. ಆ ಹೊತ್ತಿಗೆ ಕನಸಿನ ಗಾಡಿ ಇನ್ನೂ ಹೊರಟೇ ಇರುವುದಿಲ್ಲ ಎಂದು ಟೈಂಟೇಬಲ್ ತೋರಿಸಿದೆ. ಒಪ್ಪಿಕೊಂಡಳು.

ಸೊಸೆಯ ರಾತ್ರಿ ಮೀಟಿಂಗುಗಳು ನಿಲ್ಲಲಿಲ್ಲ. ಆದರೆ ಅವಳು ಎಂಟೂವರೆಯಿಂದ ಒಂಬತ್ತು ತನ್ನದಲ್ಲ ಎಂದು ಆಫೀಸಿನವರಿಗೆ ಹೇಳಿ, ಆ ಅರ್ಧ ಗಂಟೆ ಐಡಿ ಕಾರ್ಡನ್ನು ಪುಟ್ಟಿಯ ಕುತ್ತಿಗೆಗೆ ಹಾಕಿ ಪಕ್ಕದಲ್ಲಿ ಕೂರತೊಡಗಿದಳು. ನನ್ನ ಕುರ್ಚಿಗೆ ಕೆಲಸ ಕಡಿಮೆಯಾಯಿತು. 'ಮಾವ, ನೀವಿನ್ನು ನಿಮ್ಮ ರೂಮಿಗೆ ಹೋಗಿ ಮಲಗಿ, ಸೊಂಟ ಹಿಡಿದುಕೊಳ್ಳುತ್ತೆ' ಎಂದು ಅವಳೇ ಒಂದು ದಿನ ಅದನ್ನು ಬಾಲ್ಕನಿಗೆ ಸಾಗಿಸಿದಳು. ನನಗೆ ಎರಡನೆಯ ಸಲ ರಿಟೈರ್ ಆದ ಹಾಗಾಯಿತು. ಈ ಸಲ ಹಾರವೂ ಇಲ್ಲ, ಶಾಲೂ ಇಲ್ಲ.

ನನಗೂ ಒಂದು ಕನಸು ಬೀಳುತ್ತದೆ, ಈಗಲೂ. ಲೈನ್ ಕ್ಲಿಯರ್ ಕೊಟ್ಟಿದ್ದೇನೆ, ಗಾಡಿ ಪಕ್ಕದ ಸ್ಟೇಷನ್ ಬಿಟ್ಟಿದೆ, ಆಗ ನೆನಪಾಗುತ್ತದೆ, ಲೈನಿನ ಮೇಲೆ ಇನ್ನೊಂದು ಗಾಡಿ ನಿಂತಿದೆ ಎಂದು. ಫೋನ್ ಎತ್ತಿದರೆ ಸದ್ದಿಲ್ಲ. ಜೊತೆಗೆ ಕೆಲಸ ಮಾಡಿದವರನ್ನು ಕೇಳಿದರೆ ಇಂಥದೇ ಒಂದನ್ನು ಅವರೂ ಹೇಳುತ್ತಾರೆ. ಒಂದು ಬೆಳಿಗ್ಗೆ ಮುಖ ಬಾಡಿದ್ದು ಕಂಡು ಪುಟ್ಟಿ ಕೇಳಿದಳು, ಬಾಯಿತಪ್ಪಿ ಹೇಳಿಬಿಟ್ಟೆ. ಅವಳು ಏನೂ ಮಾತಾಡದೆ ಒಳಗೆ ಹೋಗಿ ಡ್ರಾಯಿಂಗ್ ಪುಸ್ತಕ, ಬಣ್ಣದ ಪೆನ್ಸಿಲ್ ಡಬ್ಬಿ ತಂದು ಮೇಜಿನ ಮೇಲಿಟ್ಟಳು.

'ಬರಿ ತಾತ.'

ಬರೆದೆ. ಎರಡು ಹಳಿ, ಎರಡು ಗಾಡಿ, ಫೋನು. ಮುಕ್ತಾಯಕ್ಕೆ, ಡ್ರೈವರ್ ದೂರದಿಂದಲೇ ನೋಡಿ ಬ್ರೇಕ್ ಹಾಕಿ ನಿಲ್ಲಿಸಿದ ಎಂದು ಒಂದು ಹೊಗೆ ಎಳೆದೆ. ಅವಳು ಬಗ್ಗಿ ನೋಡಿ ತಲೆ ಅಲ್ಲಾಡಿಸಿದಳು.

'ಡ್ರೈವರ್ ಮಾಡೋದಲ್ಲ ತಾತ, ನೀನೇ ಏನಾದರೂ ಮಾಡಬೇಕು. ಡಾಕ್ಟರ್ ಹೇಳಿಲ್ವಾ? ಇದನ್ನ ಅಳಿಸು.' ರಬ್ಬರ್ ಮುಂದೆ ತಳ್ಳಿದಳು. 'ಮತ್ತೆ ನಿನ್ನ ಬಾವುಟ ಎಲ್ಲಿ? ಕೆಂಪು ಪೆನ್ಸಿಲ್ ತಗೋ. ಬೇಗ, ನನ್ನ ವ್ಯಾನ್ ಬರತ್ತೆ.'